ಕಿಡಿ ಬೇಕಾದ ಎಂಜಿನ್, ಕಿಡಿ ಬೇಡದ ಎಂಜಿನ್

ಮಳೆಗಾಲದ ಬೆಳಿಗ್ಗೆ ಬೈಕ್ ಸ್ಟಾರ್ಟ್ ಆಗದಿದ್ದರೆ ಮೆಕ್ಯಾನಿಕ್ ಮೊದಲು ಏನು ಮಾಡುತ್ತಾರೆ ಎಂಬುದು ಬಹುತೇಕ ಎಲ್ಲರಿಗೂ ಗೊತ್ತು. ಪ್ಲಗ್ ಬಿಚ್ಚುತ್ತಾರೆ, ಅದನ್ನು ಮತ್ತೆ ಕ್ಯಾಪ್‌ಗೆ ಸಿಕ್ಕಿಸುತ್ತಾರೆ, ಅದರ ಲೋಹದ ಮೈಯನ್ನು ಎಂಜಿನ್ ಹೆಡ್‌ಗೆ ತಾಗಿಸಿ ಹಿಡಿದು ಕಿಕ್ಕರ್ ಒದೆಯುತ್ತಾರೆ. ತುದಿಯಲ್ಲಿ ಕಿಡಿ ಚಟ್ ಎಂದರೆ ‘ಕರೆಂಟ್ ಬರ್ತಿದೆ, ಪ್ಲಗ್ ಸರಿ ಇದೆ’ ಎಂದು ಪೆಟ್ರೋಲ್ ಕಡೆಗೆ ತಿರುಗುತ್ತಾರೆ.

ಈ ಪರೀಕ್ಷೆ ಅರ್ಧ ಮಾತ್ರ ಸರಿ. ಹೊರಗೆ ಕಿಡಿಯೇ ಬರದಿದ್ದರೆ ದೋಷ ಇಗ್ನಿಷನ್‌ನಲ್ಲಿದೆ ಎಂದು ಧೈರ್ಯವಾಗಿ ಹೇಳಬಹುದು. ಆದರೆ ಹೊರಗೆ ಕಿಡಿ ಬಂದ ಮಾತ್ರಕ್ಕೆ ಸಿಲಿಂಡರ್ ಒಳಗೂ ಬರುತ್ತದೆ ಎನ್ನುವಂತಿಲ್ಲ. ಪ್ಲಗ್‌ನ ತುದಿಯಲ್ಲಿ ಎರಡು ಲೋಹದ ಮೊನೆಗಳ ನಡುವೆ ಸುಮಾರು 0.8 ಮಿಲಿಮೀಟರ್ ಸಂದು ಇರುತ್ತದೆ. ತೆರೆದ ಗಾಳಿಯಲ್ಲಿ ಈ ಸಂದನ್ನು ದಾಟಲು ಮೂರು ನಾಲ್ಕು ಸಾವಿರ ವೋಲ್ಟ್ ಸಾಕು. ಸಿಲಿಂಡರ್ ಒಳಗೆ ಪಿಸ್ಟನ್ ಮೇಲೆ ಬಂದು ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಅದುಮಿಟ್ಟ ಹೊತ್ತಿನಲ್ಲಿ ಅದೇ ಸಂದನ್ನು ದಾಟಲು ಹತ್ತು ಸಾವಿರದಿಂದ ಇಪ್ಪತ್ತು ಸಾವಿರ ವೋಲ್ಟ್ ಬೇಕು. ಅನಿಲ ದಟ್ಟವಾದಷ್ಟೂ ವಿದ್ಯುತ್ತಿಗೆ ದಾರಿ ಕಷ್ಟ. ಸೊರಗಿದ ಕಾಯಿಲ್ ಹೊರಗಿನ ಪರೀಕ್ಷೆಯಲ್ಲಿ ಪಾಸಾಗಿ ಒಳಗೆ ಫೇಲಾಗುವುದು ಇದರಿಂದಲೇ.

ಮನೆ ಮುಂದೆ ನಿಂತಾಗ ಚೆನ್ನಾಗಿಯೇ ಓಡುವ ಗಾಡಿ ಘಾಟಿ ಹತ್ತುವಾಗ ಮಿಸ್ ಹೊಡೆಯುವುದಕ್ಕೂ ಇದೇ ಕಾರಣ. ಆಕ್ಸಿಲರೇಟರ್ ತಿರುವಿದಾಗ ಸಿಲಿಂಡರ್‌ಗೆ ಹೆಚ್ಚು ಮಿಶ್ರಣ ನುಗ್ಗುತ್ತದೆ, ಅದುಮಿದಾಗ ಒತ್ತಡ ಇನ್ನಷ್ಟು ಏರುತ್ತದೆ, ಕಿಡಿ ಹಾರಲು ಬೇಕಾದ ವೋಲ್ಟೇಜ್ ಕೂಡ ಏರುತ್ತದೆ. ಕಾಯಿಲ್‌ನಿಂದ ಅಷ್ಟು ಕೊಡಲಾಗದಿದ್ದರೆ ಆ ಸುತ್ತಿನ ಪೆಟ್ರೋಲ್ ಉರಿಯದೆ ಸೈಲೆನ್ಸರ್ ಕಡೆ ಹೋಗುತ್ತದೆ. ಐಡಲ್‌ನಲ್ಲಿ ಸರಿಯಿದ್ದು ಏರಿನಲ್ಲಿ ಮಾತ್ರ ಜಗ್ಗುವ ಗಾಡಿಯಲ್ಲಿ ಕಾಯಿಲ್, ಪ್ಲಗ್, ಪ್ಲಗ್ ಕ್ಯಾಪ್ ಈ ಮೂರನ್ನು ಮೊದಲು ಅನುಮಾನಿಸಿ.

ಹನ್ನೆರಡು ವೋಲ್ಟ್ ಇಪ್ಪತ್ತು ಸಾವಿರ ಆಗುವ ಬಗೆ

ಬ್ಯಾಟರಿಯಲ್ಲಿರುವುದು ಬರೀ 12 ವೋಲ್ಟ್. ಅದನ್ನು ಸಾವಿರ ಪಟ್ಟಿಗಿಂತ ಹೆಚ್ಚು ಏರಿಸುವ ಕೆಲಸ ಇಗ್ನಿಷನ್ ಕಾಯಿಲ್‌ನದು. ಅದರ ಒಳಗೆ ಕಬ್ಬಿಣದ ಒಂದು ತಿರುಳು, ಅದರ ಸುತ್ತ ತಾಮ್ರದ ಎರಡು ಸುರುಳಿಗಳಿವೆ. ಮೊದಲನೆಯದರಲ್ಲಿ ದಪ್ಪ ತಂತಿ, ನೂರು ಇನ್ನೂರು ಸುತ್ತುಗಳು. ಎರಡನೆಯದರಲ್ಲಿ ಬಹಳ ತೆಳುವಾದ ತಂತಿ, ಮೊದಲನೆಯದರ ಸುಮಾರು ನೂರು ಪಟ್ಟು ಸುತ್ತುಗಳು.

ಬ್ಯಾಟರಿಯ ಕರೆಂಟ್ ಮೊದಲ ಸುರುಳಿಯಲ್ಲಿ ಹರಿದಾಗ ತಿರುಳು ಅಯಸ್ಕಾಂತವಾಗುತ್ತದೆ. ಕರೆಂಟ್ ಪೂರ್ತಿ ಏರಲು ಮೂರು ಮಿಲಿಸೆಕೆಂಡಿನ ಆಸುಪಾಸು ಬೇಕು. ಅಲ್ಲಿಯವರೆಗೂ ಪ್ಲಗ್‌ನಲ್ಲಿ ಏನೂ ನಡೆಯುವುದಿಲ್ಲ. ಆ ಕರೆಂಟನ್ನು ಥಟ್ಟನೆ ಕಡಿದಾಗ ಕಿಡಿ ಹುಟ್ಟುತ್ತದೆ. ಕರೆಂಟ್ ನಿಂತೊಡನೆ ಅಯಸ್ಕಾಂತ ಶಕ್ತಿ ಕುಸಿಯುತ್ತದೆ, ಹಾಗೆ ಕುಸಿಯುವಾಗ ಪ್ರತಿಯೊಂದು ಸುತ್ತಿನಲ್ಲೂ ವೋಲ್ಟೇಜ್ ಹುಟ್ಟಿಸುತ್ತದೆ. ಮೊದಲ ಸುರುಳಿಯಲ್ಲಿ ಅದು ಮುನ್ನೂರು ನಾನ್ನೂರು ವೋಲ್ಟ್ ಆದರೆ, ನೂರು ಪಟ್ಟು ಸುತ್ತುಗಳಿರುವ ಎರಡನೆಯದರಲ್ಲಿ ಮೂವತ್ತು ನಲವತ್ತು ಸಾವಿರದವರೆಗೂ ಏರಬಲ್ಲದು. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡ ಪ್ರೇರಣೆಯ ನಿಯಮವೇ ಇಲ್ಲಿ ದುಡಿಯುತ್ತಿರುವುದು. ಹಳೆಯ ಗಾಡಿಗಳಲ್ಲಿ ಕರೆಂಟ್ ಕಡಿಯುವ ಕೆಲಸವನ್ನು ‘ಪಾಯಿಂಟ್’ ಮಾಡುತ್ತಿತ್ತು, ಈಗ ಟ್ರಾನ್ಸಿಸ್ಟರ್ ಮಾಡುತ್ತದೆ. ಸಿಡಿಐ ಇರುವ ಬೈಕ್‌ಗಳಲ್ಲಿ ದಾರಿ ಸ್ವಲ್ಪ ಬೇರೆ. ಅಲ್ಲಿ ಒಂದು ಕೆಪಾಸಿಟರ್ ಮುನ್ನೂರು ವೋಲ್ಟ್ ಆಸುಪಾಸು ತುಂಬಿಕೊಂಡು ಒಮ್ಮೆಗೇ ಕಾಯಿಲ್‌ಗೆ ಸುರಿಯುತ್ತದೆ. ಪ್ಲಗ್‌ಗೆ ತಲುಪುವುದು ಅದೇ ಹೈ ವೋಲ್ಟೇಜ್.

ಗಾಡಿ ಇಟ್ಟುಕೊಂಡವರೆಲ್ಲ ತಿಳಿದಿರಬೇಕಾದ ಇನ್ನೊಂದು ಸಂಗತಿ ಇದೆ. ಕಾಯಿಲ್‌ಗೆ ನಲವತ್ತು ಸಾವಿರ ವೋಲ್ಟ್ ಕೊಡುವ ತಾಕತ್ತಿದ್ದರೂ ಅದು ಪ್ರತಿಸಲ ಅಷ್ಟು ಕೊಡುವುದಿಲ್ಲ. ವೋಲ್ಟೇಜ್ ಏರುತ್ತಾ ಹೋಗುತ್ತದೆ, ಸಂದು ದಾಟುವಷ್ಟಾದ ಕ್ಷಣ ಕಿಡಿ ಹಾರುತ್ತದೆ, ಏರಿಕೆ ಅಲ್ಲಿಗೆ ನಿಲ್ಲುತ್ತದೆ. ಹನ್ನೆರಡು ಸಾವಿರಕ್ಕೆ ಕಿಡಿ ಹಾರಿದರೆ ಹನ್ನೆರಡು ಸಾವಿರವಷ್ಟೇ. ಎಷ್ಟು ಬೇಕು ಎಂದು ನಿರ್ಧರಿಸುವುದು ಪ್ಲಗ್‌ನ ಸಂದು.

ಪ್ರತಿ ಕಿಡಿಯೂ ಪ್ಲಗ್‌ನ ಮೊನೆಯಿಂದ ಕಣ್ಣಿಗೆ ಕಾಣದಷ್ಟು ಲೋಹವನ್ನು ಕಿತ್ತುಕೊಂಡು ಹೋಗುತ್ತದೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರ್‌ನಲ್ಲೂ ಸೆಕೆಂಡಿಗೆ 25 ಕಿಡಿಗಳು. ಸಾವಿರಾರು ಕಿಲೋಮೀಟರ್ ಓಡುವಷ್ಟರಲ್ಲಿ ಮೊನೆಯ ಚೂಪಾದ ಅಂಚು ಉರುಟಾಗುತ್ತದೆ, ಸಂದು ಅಗಲವಾಗುತ್ತದೆ. ಸಂದು ಅಗಲವಾದಂತೆ ಕಾಯಿಲ್ ಪ್ರತಿ ಕಿಡಿಗೂ ಹೆಚ್ಚು ವೋಲ್ಟೇಜ್ ಏರಿಸಬೇಕು. ಆ ಒತ್ತಡ ಅದರ ಒಳಗಿನ ಇನ್ಸುಲೇಷನ್ ಮೇಲೆ ಬೀಳುತ್ತದೆ. ಒಂದು ದಿನ ವಿದ್ಯುತ್ತು ಪ್ಲಗ್‌ನ ಸಂದನ್ನು ಬಿಟ್ಟು ಕಾಯಿಲ್ ಒಳಗಿನ ಬಿರುಕಿನಲ್ಲೋ ರಬ್ಬರ್ ಬೂಟ್ ಮೇಲಿನ ತೇವದಲ್ಲೋ ಸುಲಭದ ದಾರಿ ಹುಡುಕಿಕೊಳ್ಳುತ್ತದೆ. ಹೊಸ ಕಾಯಿಲ್ ಹಾಕಿದ ಕೆಲವೇ ತಿಂಗಳಿಗೆ ಮತ್ತೆ ಕಾಯಿಲ್ ಹೋಯಿತು ಎನ್ನುವವರು ಹಳೆಯ ಪ್ಲಗ್ಗನ್ನೇ ಉಳಿಸಿಕೊಂಡಿದ್ದಾರೆಯೇ ಎಂದು ನೋಡಿಕೊಳ್ಳಬೇಕು. ದುಬಾರಿ ಕಾಯಿಲ್ ಉಳಿಸುವುದು ಅಗ್ಗದ ಪ್ಲಗ್.

ಪ್ಲಗ್ ಬಿಚ್ಚಿ ಓದುವುದು

ಪ್ಲಗ್‌ಗೆ ಕಿಡಿ ಹಾರಿಸುವುದರ ಜೊತೆಗೆ ಇನ್ನೊಂದು ಕೆಲಸವೂ ಇದೆ. ಅದರ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಬೇಕು, ಆಗ ಮಾತ್ರ ಅಂಟಿದ ಮಸಿ ತಾನೇ ಸುಟ್ಟುಹೋಗುತ್ತದೆ. ಆದರೆ 850ನ್ನು ಮೀರಬಾರದು. ಮೀರಿದರೆ ಕಿಡಿಗೆ ಮೊದಲೇ ಆ ಕಾದ ತುದಿಯೇ ಮಿಶ್ರಣಕ್ಕೆ ಬೆಂಕಿ ಹಚ್ಚುತ್ತದೆ, ಪಿಸ್ಟನ್ ಕರಗಿದರೂ ಆಶ್ಚರ್ಯವಿಲ್ಲ. ಕಂಪನಿ ಹೇಳಿದ ನಂಬರಿನ ಪ್ಲಗ್ಗನ್ನೇ ಹಾಕಬೇಕು ಎನ್ನುವುದು ಈ ಕಾರಣಕ್ಕೆ. ನೋಡಲು ಒಂದೇ ತರಹ, ಥ್ರೆಡ್ ಕೂಡ ಒಂದೇ ಇರುವ ಎರಡು ಪ್ಲಗ್‌ಗಳು ಶಾಖವನ್ನು ಹೆಡ್‌ಗೆ ಸಾಗಿಸುವ ವೇಗದಲ್ಲಿ ಬೇರೆಯಾಗಿರುತ್ತವೆ. ಅಂಗಡಿಯವರು ‘ಇದೂ ಕೂರುತ್ತದೆ ಸಾರ್’ ಎಂದು ಕೊಟ್ಟರೆ ತೆಗೆದುಕೊಳ್ಳಬೇಡಿ. ಕೂರುವುದೇ ಬೇರೆ, ಹೊಂದುವುದೇ ಬೇರೆ.

ಬಿಚ್ಚಿದ ಪ್ಲಗ್‌ನ ಬಣ್ಣ ಎಂಜಿನ್‌ನ ಒಳಗಿನ ಸ್ಥಿತಿಯನ್ನು ಹೇಳುತ್ತದೆ. ತುದಿಯ ಪಿಂಗಾಣಿ ತಿಳಿ ಕಂದು ಅಥವಾ ಬೂದು ಬಣ್ಣದಲ್ಲಿದ್ದರೆ ಎಲ್ಲ ಸರಿ. ಕೈಗೆ ಪುಡಿಯಾಗಿ ಹತ್ತುವ ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ, ಇಲ್ಲವೇ ಏರ್ ಫಿಲ್ಟರ್ ಕಟ್ಟಿಕೊಂಡಿದೆ, ಇಲ್ಲವೇ ಗಾಡಿ ಒಂದೆರಡು ಕಿಲೋಮೀಟರ್ ಮಾತ್ರ ಓಡಿ ನಿಲ್ಲುತ್ತಿದ್ದು ಪ್ಲಗ್ ಕಾಯುವುದೇ ಇಲ್ಲ. ಜಿಡ್ಡು ಜಿಡ್ಡಾದ ಕಪ್ಪಾದರೆ ಎಂಜಿನ್ ಆಯಿಲ್ ಮೇಲೆ ಬರುತ್ತಿದೆ, ರಿಂಗ್ ಅಥವಾ ವಾಲ್ವ್ ಸೀಲ್ ನೋಡಬೇಕು. ಸುಣ್ಣದಂತೆ ಬೆಳ್ಳಗಾಗಿ ಬೊಬ್ಬೆ ಎದ್ದಿದ್ದರೆ ಅತಿಯಾಗಿ ಕಾಯುತ್ತಿದೆ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ತಲುಪುತ್ತಿದೆ, ಕಿಡಿ ಬಂದಿಲ್ಲ ಅಥವಾ ಕಿಕ್ ಹೊಡೆದೂ ಹೊಡೆದೂ ಓವರ್ ಆಗಿದೆ. ಪ್ಲಗ್ ಒರೆಸಿ ಒಣಗಿಸಿ, ಆಕ್ಸಿಲರೇಟರ್ ಪೂರ್ತಿ ತಿರುವಿಟ್ಟು ಕೆಲವು ಕಿಕ್ ಒದ್ದರೆ ಒಳಗಿನ ಹೆಚ್ಚುವರಿ ಪೆಟ್ರೋಲ್ ಹೊರಹೋಗುತ್ತದೆ.

ಹೊರಗೆ ಕಿಡಿ ನೋಡುವ ಪರೀಕ್ಷೆ ಮಾಡುವವರು ಎರಡು ಎಚ್ಚರ ವಹಿಸಬೇಕು. ಪ್ಲಗ್ ಬಿಚ್ಚಿದ ತೂತಿನಿಂದ ಪೆಟ್ರೋಲ್ ಆವಿ ಹೊರಬರುತ್ತಿರುತ್ತದೆ. ಕಿಡಿಯನ್ನು ಅದರಿಂದ ದೂರ ಹಿಡಿಯಿರಿ, ತೂತಿಗೆ ಬಟ್ಟೆ ಮುಚ್ಚಿ. ಪ್ಲಗ್‌ನ ಲೋಹದ ಮೈ ಎಂಜಿನ್‌ಗೆ ಗಟ್ಟಿಯಾಗಿ ತಾಗಿರಲಿ. ತಾಗದಿದ್ದರೆ ಕಾಯಿಲ್‌ನ ವೋಲ್ಟೇಜ್ ಹೋಗಲು ದಾರಿ ಇಲ್ಲದೆ ಅದರ ತುತ್ತತುದಿಗೆ ಏರಿ ಇನ್ಸುಲೇಷನ್ ಹಾಳುಮಾಡುತ್ತದೆ, ನಿಮ್ಮ ಕೈಗೂ ಹೊಡೆಯುತ್ತದೆ. ಓಡುತ್ತಿರುವ ಎಂಜಿನ್‌ನ ಪ್ಲಗ್ ಕ್ಯಾಪ್ ಕಿತ್ತು ನೋಡುವ ಹಳೆಯ ಅಭ್ಯಾಸವನ್ನೂ ಇದೇ ಕಾರಣಕ್ಕೆ ಬಿಡಬೇಕು.

ಪ್ಲಗ್ ವಾಪಸ್ ಹಾಕುವಾಗ ಮೊದಲು ಕೈಯಲ್ಲೇ ತಿರುಗಿಸಿ. ಪಾನ ಹಾಕಿ ಶುರುಮಾಡಿದರೆ ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಅಡ್ಡ ಹತ್ತಿ ಕೆಡುತ್ತದೆ. ವಾಷರ್ ಇರುವ ಹೊಸ ಪ್ಲಗ್ ಕೈಯಲ್ಲಿ ಪೂರ್ತಿ ಕುಳಿತ ಮೇಲೆ ಪಾನದಿಂದ ಅರ್ಧ ಸುತ್ತು ಸಾಕು. ಒಮ್ಮೆ ಬಳಸಿದ ಪ್ಲಗ್‌ನಲ್ಲಿ ವಾಷರ್ ಆಗಲೇ ಚಪ್ಪಟೆಯಾಗಿರುವುದರಿಂದ ಇನ್ನೂ ಕಡಿಮೆ ಸಾಕು. ಎಂಜಿನ್ ಬಿಸಿಯಿರುವಾಗ ಪ್ಲಗ್ ಬಿಚ್ಚಲೇಬೇಡಿ.

ಸ್ಕ್ರೀನ್ ಮೇಲೆ P0302 ಬಂದಾಗ

ಕಾರಿನ ವಿಷಯಕ್ಕೆ ಬಂದರೆ ಒಂದು ಉದಾಹರಣೆಯನ್ನು ಕೊನೆಯವರೆಗೂ ನೋಡೋಣ. ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು, ಒಂದೊಂದು ಪ್ಲಗ್ ತಲೆಯ ಮೇಲೂ ಒಂದೊಂದು ಕಾಯಿಲ್. ಸಾಮಾನ್ಯ ನಿಕಲ್ ಪ್ಲಗ್‌ಗಳು, ಬದಲಿಸುವ ಅವಧಿ ಮುಗಿದು ಬಹಳ ಕಾಲವಾಗಿದೆ. ಸಿಗ್ನಲ್‌ನಲ್ಲಿ ನಿಂತಾಗ ಕಾರು ನಡುಗುತ್ತದೆ, ಫ್ಲೈಓವರ್ ಹತ್ತುವಾಗ ಜಗ್ಗುತ್ತದೆ, ಡ್ಯಾಶ್‌ಬೋರ್ಡ್‌ನಲ್ಲಿ ಎಂಜಿನ್ ದೀಪ ಮಿಣುಕುತ್ತದೆ. ಈ ದೀಪ ಸುಮ್ಮನೆ ಉರಿಯುವುದಕ್ಕೂ ಮಿಣುಕುವುದಕ್ಕೂ ವ್ಯತ್ಯಾಸವಿದೆ. ಮಿಣುಕುತ್ತಿದೆ ಎಂದರೆ ಉರಿಯದ ಪೆಟ್ರೋಲ್ ಕೆಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತಿದೆ, ಅದನ್ನು ಸುಡುತ್ತಿದೆ. ಕನ್ವರ್ಟರ್ ಬೆಲೆ ನಾಲ್ಕೂ ಕಾಯಿಲ್‌ಗಳ ಬೆಲೆಗಿಂತ ಬಹಳ ಹೆಚ್ಚು. ವೇಗ ಇಳಿಸಿ, ಹತ್ತಿರದ ಗ್ಯಾರೇಜಿಗಷ್ಟೇ ಹೋಗಿ.

ಸ್ಕ್ಯಾನರ್ ಸಿಕ್ಕಿಸಿದಾಗ P0302 ಎಂದು ಬರುತ್ತದೆ. ಕೊನೆಯ ಅಂಕಿ ಸಿಲಿಂಡರ್ ಸಂಖ್ಯೆ, ಅಂದರೆ ಎರಡನೇ ಸಿಲಿಂಡರ್ ಮಿಸ್ ಆಗುತ್ತಿದೆ. ಯಾಕೆ ಎಂದು ಈ ಕೋಡ್ ಹೇಳುವುದಿಲ್ಲ. ಅದನ್ನು ನೋಡಿದ ಕೂಡಲೇ ಕಾಯಿಲ್ ತರಿಸುವುದು ಅವಸರ. ಖರ್ಚಿಲ್ಲದ ಪರೀಕ್ಷೆಯೊಂದಿದೆ. ಎಂಜಿನ್ ಆಫ್ ಮಾಡಿ ಎರಡನೇ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೂ ಮೂರನೆಯದನ್ನು ಎರಡನೆಯದಕ್ಕೂ ಹಾಕಿ. ಕೋಡ್ ಅಳಿಸಿ, ಸ್ವಲ್ಪ ಓಡಿಸಿ ಮತ್ತೆ ನೋಡಿ. ಈಗ P0303 ಬಂದರೆ ದೋಷ ಕಾಯಿಲ್ ಜೊತೆಗೇ ಜಾಗ ಬದಲಿಸಿದೆ, ಕಾಯಿಲ್ ಕೆಟ್ಟಿರುವುದು ಖಚಿತ. P0302 ಹಾಗೇ ಉಳಿದರೆ ಕಾಯಿಲ್ ನಿರಪರಾಧಿ. ಅದೇ ರೀತಿ ಪ್ಲಗ್ ಅದಲುಬದಲು ಮಾಡಿ. ಆಗಲೂ ಎರಡರಲ್ಲೇ ಉಳಿದರೆ ಇಂಜೆಕ್ಟರ್, ಆಮೇಲೆ ಕಂಪ್ರೆಷನ್ ನೋಡಬೇಕು.

ನಮ್ಮ ಉದಾಹರಣೆಯಲ್ಲಿ P0303 ಬಂತೆಂದು ಇಟ್ಟುಕೊಳ್ಳಿ. ಕಾಯಿಲ್ ಕೆಟ್ಟಿದೆ ಎಂದು ಗೊತ್ತಾಯಿತು, ಆದರೆ ಕೆಟ್ಟದ್ದು ಯಾಕೆ ಎಂಬುದು ಇನ್ನೂ ಉಳಿದಿದೆ. ಅದರ ರಬ್ಬರ್ ಬೂಟ್ ತಿರುಗಿಸಿ ನೋಡಿದರೆ ಒಳಮೈಯಲ್ಲಿ ಮೇಲಿನಿಂದ ಕೆಳಗೆ ಇಳಿದ ಕಪ್ಪು ಗೆರೆ ಕಾಣುತ್ತದೆ. ಅದು ಕಿಡಿ ಅಡ್ಡದಾರಿ ಹಿಡಿದು ಸುಟ್ಟ ಗುರುತು. ಎರಡನೇ ಸಿಲಿಂಡರಿನ ಪ್ಲಗ್‌ನ ಬಿಳಿ ಪಿಂಗಾಣಿಯ ಮೇಲೂ ಅಂಥದೇ ಗೆರೆ. ಫೀಲರ್ ಗೇಜ್ ಹಾಕಿದರೆ 1.0 ಮಿಲಿಮೀಟರ್ ಇರಬೇಕಾದ ಸಂದು 1.3 ಆಗಿದೆ. ಹೊಸ ಕಾಯಿಲ್ ಒಂದನ್ನೇ ಹಾಕಿ ಆ ಪ್ಲಗ್ ಉಳಿಸಿದರೆ ಪಿಂಗಾಣಿಯ ಮೇಲಿನ ಗೆರೆ ಹೊಸ ಬೂಟನ್ನೂ ಸುಡುತ್ತದೆ. ಒಂದು ಕಾಯಿಲ್ ಮತ್ತು ನಾಲ್ಕೂ ಪ್ಲಗ್ ಬದಲಿಸುವುದು ಇಲ್ಲಿ ಸರಿಯಾದ ರಿಪೇರಿ. ನಾಲ್ಕೂ ಕಾಯಿಲ್ ಬದಲಿಸಬೇಕು ಎಂದು ಹೇಳಿದರೆ ಕಾರಣ ಕೇಳಿ. ಪ್ಲಗ್ ಕೂರುವ ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಸೋರುತ್ತಿದೆ. ಅದನ್ನು ಸರಿಮಾಡದೆ ಹೊಸ ಬೂಟ್ ಹಾಕಿದರೆ ಆಯಿಲ್ ಅದನ್ನೂ ಮೆತ್ತಗೆ ಮಾಡುತ್ತದೆ.

ಕೋಡ್ P0300 ಆಗಿದ್ದರೆ ಲೆಕ್ಕ ಬೇರೆ. ಹಲವು ಸಿಲಿಂಡರ್‌ಗಳು ಮನಬಂದಂತೆ ಮಿಸ್ ಆಗುತ್ತಿವೆ ಎಂದು ಅದರ ಅರ್ಥ. ಎಲ್ಲ ಕಾಯಿಲ್‌ಗಳೂ ಒಟ್ಟಿಗೆ ಕೆಡುವುದು ಅಪರೂಪ. ಸವೆದ ಪ್ಲಗ್‌ಗಳು, ಗಾಳಿ ಸೋರಿಕೆ ಅಥವಾ ಪೆಟ್ರೋಲ್ ಒತ್ತಡದ ಕಡೆ ನೋಡಬೇಕು.

ಡೀಸೆಲ್‌ನ ಬೆಂಕಿ ಎಲ್ಲಿಂದ

1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮ ಮೈಕೊ, ಬೆಂಗಳೂರಿನಲ್ಲಿ ಸ್ಪಾರ್ಕ್ ಪ್ಲಗ್ಗನ್ನೂ ತಯಾರಿಸಿತು, ಡೀಸೆಲ್ ಇಂಜೆಕ್ಷನ್ ಪಂಪನ್ನೂ ತಯಾರಿಸಿತು. ಮೇಲುನೋಟಕ್ಕೆ ಸಂಬಂಧವಿಲ್ಲದ ಸರಕುಗಳು. ಆದರೆ ಯಾವ ಕ್ಷಣದಲ್ಲಿ ಬೆಂಕಿ ಹತ್ತಬೇಕು ಎಂಬುದನ್ನು ಪೆಟ್ರೋಲ್ ಎಂಜಿನ್‌ನಲ್ಲಿ ಪ್ಲಗ್‌ನ ಕಿಡಿ ನಿರ್ಧರಿಸುತ್ತದೆ, ಡೀಸೆಲ್ ಎಂಜಿನ್‌ನಲ್ಲಿ ಇಂಜೆಕ್ಷನ್ ಪಂಪ್ ನಿರ್ಧರಿಸುತ್ತದೆ.

ಸೈಕಲ್‌ಗೆ ಜೋರಾಗಿ ಗಾಳಿ ಹೊಡೆದು ಪಂಪ್‌ನ ಬುಡ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಗಾಳಿಯನ್ನು ಅದುಮಲು ಹಾಕಿದ ಶ್ರಮ ಶಾಖವಾಗಿ ಅದರಲ್ಲೇ ಸೇರಿಕೊಂಡಿರುತ್ತದೆ. ಪೆಟ್ರೋಲ್ ಎಂಜಿನ್‌ನ ಪಿಸ್ಟನ್ ಒಳಗೆಳೆದದ್ದನ್ನು ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಅದುಮುತ್ತದೆ, ಬಿಸಿ ಹೆಚ್ಚುಕಡಿಮೆ 400 ಡಿಗ್ರಿ ಆಸುಪಾಸಿಗೆ ಬರುತ್ತದೆ. ಡೀಸೆಲ್ ಎಂಜಿನ್ ಗಾಳಿಯನ್ನು ಹದಿನಾರರಿಂದ ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮುತ್ತದೆ, ಬಿಸಿ 500ನ್ನು ದಾಟಿ 600ರ ಕಡೆ ಹೋಗುತ್ತದೆ. ಆ ಕಾದ, ದಟ್ಟವಾದ ಗಾಳಿಯೊಳಕ್ಕೆ ಡೀಸೆಲನ್ನು ಸಣ್ಣ ತುಂತುರಾಗಿ ಚಿಮ್ಮಿಸಿದರೆ ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿ ತಾನೇ ಹತ್ತಿಕೊಳ್ಳುತ್ತದೆ. ಪ್ಲಗ್ ಬೇಡ, ಕಾಯಿಲ್ ಬೇಡ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ ಇದೇ ತತ್ವದ್ದು.

ಹಾಗಾದರೆ ಪೆಟ್ರೋಲನ್ನೂ ಹೀಗೇ ಉರಿಸಬಾರದೇಕೆ? ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿ ಮತ್ತು ಪೆಟ್ರೋಲ್ ಸಾಮಾನ್ಯವಾಗಿ ಮೊದಲೇ ಬೆರೆತಿರುತ್ತವೆ. ಅದುಮುವ ಬಿಸಿಗೇ ಅದು ಹತ್ತಿಕೊಂಡರೆ ಒಂದು ಮೂಲೆಯಿಂದ ಹರಡಬೇಕಾದ ಜ್ವಾಲೆ ಎಲ್ಲೆಡೆ ಒಮ್ಮೆಗೇ ಸಿಡಿಯುತ್ತದೆ. ಏರಿನಲ್ಲಿ ಎಂಜಿನ್ ‘ಕಟಕಟ’ ಎಂದು ನಾಕಿಂಗ್ ಹೊಡೆಯುವುದು ಇದೇ. ಅದಕ್ಕೆ ಪೆಟ್ರೋಲನ್ನು ಸುಲಭಕ್ಕೆ ತಾನಾಗಿ ಹತ್ತದ ಹಾಗೆ ತಯಾರಿಸುತ್ತಾರೆ, ಆ ತಡೆಯುವ ಗುಣದ ಅಳತೆಯೇ ಆಕ್ಟೇನ್. ಡೀಸೆಲನ್ನು ಬೇಗ ಹತ್ತುವ ಹಾಗೆ ತಯಾರಿಸುತ್ತಾರೆ, ಅದರ ಅಳತೆ ಸೀಟೇನ್. ಬಿಎಸ್-6 ಬಂದಾಗ ನಮ್ಮ ಬಂಕ್‌ಗಳ ಸಾಮಾನ್ಯ ಪೆಟ್ರೋಲ್‌ಗೆ ಕನಿಷ್ಠ 91 ಆಕ್ಟೇನ್, ಡೀಸೆಲ್‌ಗೆ ಕನಿಷ್ಠ 51 ಸೀಟೇನ್ ಎಂದು ನಿಗದಿಯಾಗಿತ್ತು. ಒಂದರಲ್ಲಿ ಒಳ್ಳೆಯದೆನಿಸುವ ಗುಣ ಇನ್ನೊಂದರಲ್ಲಿ ದೋಷ. ಡೀಸೆಲ್ ಎಂಜಿನ್ ಅದುಮುವುದು ಬರೀ ಗಾಳಿಯನ್ನು. ಎಷ್ಟು ಬಿಸಿಯಾದರೂ ಹೊತ್ತಿಗೆ ಮೊದಲೇ ಹತ್ತಿಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ.

ಹಳೆಯ ಡೀಸೆಲ್ ಪಂಪ್‌ಸೆಟ್‌ಗೆ ಹ್ಯಾಂಡಲ್ ಹೊಡೆದು ಗೊತ್ತಿರುವವರಿಗೆ ಈ ತತ್ವ ಕೈಗೇ ಗೊತ್ತು. ಎಂಜಿನ್ ತಲೆಯ ಮೇಲೆ ಒಂದು ಪುಟ್ಟ ಲಿವರ್ ಇರುತ್ತದೆ. ಅದನ್ನು ಎತ್ತಿದರೆ ವಾಲ್ವ್ ಸ್ವಲ್ಪ ತೆರೆದೇ ಇರುತ್ತದೆ, ಗಾಳಿ ಅದುಮಿಕೊಳ್ಳುವುದಿಲ್ಲ, ಹ್ಯಾಂಡಲ್ ಹಗುರವಾಗಿ ತಿರುಗುತ್ತದೆ. ಫ್ಲೈವೀಲ್‌ಗೆ ಸಾಕಷ್ಟು ವೇಗ ಬಂದ ಮೇಲೆ ಲಿವರ್ ಬಿಟ್ಟರೆ ಆ ವೇಗದ ಬಲದಲ್ಲೇ ಪಿಸ್ಟನ್ ಒಮ್ಮೆ ಪೂರ್ತಿ ಅದುಮುತ್ತದೆ, ಮೊದಲ ‘ಡುಕ್’ ಕೇಳುತ್ತದೆ. ಮೆಲ್ಲಗೆ ತಿರುಗಿಸಿದರೆ ಎಷ್ಟು ಹೊತ್ತಾದರೂ ಸ್ಟಾರ್ಟ್ ಆಗುವುದಿಲ್ಲ. ನಿಧಾನಕ್ಕೆ ಅದುಮಿದ ಗಾಳಿ ತನ್ನ ಬಿಸಿಯನ್ನು ತಣ್ಣಗಿರುವ ಸಿಲಿಂಡರ್ ಗೋಡೆಗೆ ಕೊಟ್ಟುಬಿಡುತ್ತದೆ, ರಿಂಗ್ ಸಂದಿನಿಂದ ಸೋರಿಯೂ ಹೋಗುತ್ತದೆ. ಚಳಿಗಾಲದ ಮುಂಜಾನೆ ಟ್ರ್ಯಾಕ್ಟರ್ ಬ್ಯಾಟರಿ ಸ್ವಲ್ಪ ಸೊರಗಿದ್ದರೂ ಸಾಕು, ಕರಕರ ಎಂದು ತಿರುಗುತ್ತದೆಯೇ ಹೊರತು ಹೊತ್ತಿಕೊಳ್ಳುವುದಿಲ್ಲ. ಡೀಸೆಲ್ ಎಂಜಿನ್‌ಗೆ ಬ್ಯಾಟರಿ ಬೇಕಾಗಿರುವುದು ಮುಖ್ಯವಾಗಿ ಆ ವೇಗಕ್ಕೆ.

ಕೆಲವು ಡೀಸೆಲ್ ಗಾಡಿಗಳಲ್ಲಿ ಸಿಲಿಂಡರಿಗೊಂದರಂತೆ ಪ್ಲಗ್ ಇರುವುದನ್ನು ನೋಡಿ ಇದರಲ್ಲೂ ಕಿಡಿ ಇದೆ ಎಂದುಕೊಳ್ಳುವವರಿದ್ದಾರೆ. ಅದು ಹೀಟರ್ ಪ್ಲಗ್. ಅದರಲ್ಲಿ ಸಂದೂ ಇಲ್ಲ, ಕಿಡಿಯೂ ಇಲ್ಲ. ಬ್ಯಾಟರಿ ಕರೆಂಟಿನಲ್ಲಿ ಅದರ ತುದಿ 800 ಡಿಗ್ರಿಯ ಮೇಲೆ ಕೆಂಪಗೆ ಕಾಯುತ್ತದೆ, ತಣ್ಣನೆಯ ಎಂಜಿನ್‌ನ ಮೊದಲ ಕೆಲವು ಸುತ್ತುಗಳಿಗೆ ಕೊರತೆಯಾದ ಬಿಸಿಯನ್ನು ತುಂಬಿಕೊಡುತ್ತದೆ. ಕೀ ತಿರುಗಿಸಿದಾಗ ಸುರುಳಿಯ ಚಿತ್ರದ ಹಳದಿ ದೀಪ ಹತ್ತುತ್ತದಲ್ಲ, ಅದು ಆರುವವರೆಗೆ ಕಾದು ಸ್ಟಾರ್ಟ್ ಮಾಡಿ. ಎಂಜಿನ್ ಬಿಸಿಯಾದ ಮೇಲೆ ಹೀಟರ್ ಪ್ಲಗ್ ಸತ್ತಿದ್ದರೂ ಗಾಡಿ ಓಡುತ್ತದೆ. ಸ್ಟಾರ್ಟ್ ಆಗಲೆಂದು ಈಥರ್ ಸ್ಪ್ರೇ ಹೊಡೆಯುವವರು ಇದನ್ನು ನೆನಪಿಡಬೇಕು. ಈಥರ್ ಬಹಳ ಕಡಿಮೆ ಬಿಸಿಗೇ ಹತ್ತುತ್ತದೆ, ಕೆಂಪಗೆ ಕಾದ ಹೀಟರ್ ಪ್ಲಗ್ ಇರುವ ಎಂಜಿನ್‌ಗೆ ಹೊಡೆದರೆ ಪಿಸ್ಟನ್ ಮೇಲೆ ಬರುವ ಮೊದಲೇ ಸಿಡಿದು ಎಂಜಿನ್ ಮುರಿಯಬಹುದು.

ಹೊಗೆ ನೋಡಿ ಹೇಳುವುದು

ಡೀಸೆಲ್ ಎಂಜಿನ್ ಸ್ಟಾರ್ಟ್ ಆಗದಿದ್ದಾಗ ಕಿಡಿ ಹುಡುಕುವ ಪ್ರಶ್ನೆಯೇ ಇಲ್ಲ. ಹುಡುಕಬೇಕಾದದ್ದು ಎರಡೇ: ಡೀಸೆಲ್ ತಲುಪುತ್ತಿದೆಯೇ, ಬಿಸಿ ಸಾಲುತ್ತಿದೆಯೇ. ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ನೋಡಲು ಒಬ್ಬರನ್ನು ನಿಲ್ಲಿಸಿ. ಡೀಸೆಲ್ ವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ ಇಂಧನ ಹೋಗುತ್ತಿದೆ, ಹತ್ತುತ್ತಿಲ್ಲ. ಬ್ಯಾಟರಿ, ಹೀಟರ್ ಪ್ಲಗ್, ಕಂಪ್ರೆಷನ್ ಕಡೆ ಹೋಗಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಿಲಿಂಡರ್ ತಲುಪಿಲ್ಲ. ಟ್ಯಾಂಕ್ ಖಾಲಿಯಾಗಿ ಮತ್ತೆ ತುಂಬಿಸಿದ್ದರೆ, ಫಿಲ್ಟರ್ ಬದಲಿಸಿದ್ದರೆ, ಲೈನ್‌ನಲ್ಲಿ ಏರ್ ಹಿಡಿದಿರುವ ಸಾಧ್ಯತೆ ಹೆಚ್ಚು. ಪಂಪ್ ಎಷ್ಟು ಒತ್ತಿದರೂ ಗಾಳಿ ಕುಗ್ಗಿ ಹಿಗ್ಗುತ್ತದೆ, ಇಂಜೆಕ್ಟರ್ ತೆರೆಯುವಷ್ಟು ಒತ್ತಡ ಹುಟ್ಟುವುದೇ ಇಲ್ಲ.

ಹಳೆಯ ಮಾದರಿಯ ಪಂಪ್ ಇರುವ ಟ್ರ್ಯಾಕ್ಟರ್‌ನಲ್ಲಿ ಏರ್ ತೆಗೆಯುವುದು ಹೀಗೆ. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಒಂದೆರಡು ಸುತ್ತು ಸಡಿಲಿಸಿ, ಕೈಪಂಪ್ ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್ ಬರುತ್ತದೆ. ಆಗ ಬಿಗಿಮಾಡಿ. ಇಂಜೆಕ್ಷನ್ ಪಂಪ್‌ನ ಬ್ಲೀಡ್ ಸ್ಕ್ರೂನಲ್ಲೂ ಹಾಗೇ ಮಾಡಿ. ಕೊನೆಗೆ ಇಂಜೆಕ್ಟರ್ ಹತ್ತಿರದ ಪೈಪಿನ ನಟ್ ಸ್ವಲ್ಪ ಸಡಿಲಿಸಿ ಸೆಲ್ಫ್ ಹೊಡೆಸಿ, ಡೀಸೆಲ್ ಬಂದೊಡನೆ ಬಿಗಿಮಾಡಿ. ಮುಖವನ್ನಾಗಲಿ ಕೈಯನ್ನಾಗಲಿ ಅಲ್ಲಿಗೆ ಅಡ್ಡ ಹಿಡಿಯಬೇಡಿ.

ಈ ಕೊನೆಯ ಹಂತವನ್ನು ಕಾಮನ್ ರೈಲ್ ಎಂಜಿನ್‌ನಲ್ಲಿ ಯಾವ ಕಾರಣಕ್ಕೂ ಮಾಡಕೂಡದು. ಪಂಪ್‌ಸೆಟ್ಟಿನ ಇಂಜೆಕ್ಟರ್ 200 ಬಾರ್ ಸುಮಾರಿಗೆ ತೆರೆದರೆ ಕಾಮನ್ ರೈಲ್‌ನಲ್ಲಿ ಒತ್ತಡ 1,600 ಬಾರನ್ನೂ ಮೀರುತ್ತದೆ. ಅಲ್ಲಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ. ಹೊರಗೆ ಸಣ್ಣ ಚುಚ್ಚಿದ ಗುರುತು ಮಾತ್ರ ಕಂಡರೂ ಒಳಗೆ ಮಾಂಸ ಕೊಳೆಯುತ್ತದೆ. ಹಾಗಾದರೆ ನೋವಿಲ್ಲ ಎಂದು ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಕಿಡಿ ಇಲ್ಲದ ಎಂಜಿನ್ನನ್ನು ನಿಲ್ಲಿಸುವ ದಾರಿಯೂ ಬೇರೆ. ಪೆಟ್ರೋಲ್ ಗಾಡಿಯಲ್ಲಿ ಕಿಡಿ ನಿಲ್ಲಿಸಿದರೆ ಎಂಜಿನ್ ನಿಲ್ಲುತ್ತದೆ. ಡೀಸೆಲ್‌ನಲ್ಲಿ ಇಂಧನ ನಿಲ್ಲಿಸಬೇಕು, ಹಳೆಯ ಟ್ರ್ಯಾಕ್ಟರ್‌ನಲ್ಲಿ ಸ್ಟಾಪ್ ಗುಬ್ಬಿ ಎಳೆಯುವುದು ಅದಕ್ಕೇ. ಟರ್ಬೊ ಸೀಲ್ ಕೆಟ್ಟು ಎಂಜಿನ್ ಆಯಿಲ್ ಗಾಳಿಯ ದಾರಿಯಲ್ಲಿ ಒಳಸೇರಿದರೆ ಎಂಜಿನ್ ಅದನ್ನೇ ಉರಿಸಿಕೊಂಡು ಕೀ ತೆಗೆದರೂ ಕಿರುಚುತ್ತಾ ವೇಗ ಹೆಚ್ಚಿಸುತ್ತದೆ. ಆಗ ಮ್ಯಾನುಯಲ್ ಗಾಡಿಯಾದರೆ ಬ್ರೇಕ್ ಗಟ್ಟಿ ಒತ್ತಿ, ಟಾಪ್ ಗೇರ್ ಹಾಕಿ ಕ್ಲಚ್ ಬಿಟ್ಟು ಎಂಜಿನ್ನನ್ನು ಅದುಮಿ ನಿಲ್ಲಿಸಬೇಕು.

ಬಂಕ್‌ನಲ್ಲಿ ಇಂಧನ ಅದಲುಬದಲಾದಾಗ ಎರಡು ಎಂಜಿನ್‌ಗಳಿಗೂ ಆಗುವ ಹಾನಿ ಒಂದೇ ಅಲ್ಲ. ಪೆಟ್ರೋಲ್ ಗಾಡಿಗೆ ಡೀಸೆಲ್ ಬಿದ್ದರೆ ಅದು ಸರಿಯಾಗಿ ಆವಿಯಾಗದೆ ಪ್ಲಗ್‌ಗಳನ್ನು ಒದ್ದೆ ಮಾಡಿ ಮಸಿ ಹಿಡಿಸುತ್ತದೆ, ಗಾಡಿ ಹೊಗೆ ಬಿಡುತ್ತಾ ನಿಲ್ಲುತ್ತದೆ. ಟ್ಯಾಂಕ್ ಮತ್ತು ಲೈನ್ ಖಾಲಿ ಮಾಡಿ ಪ್ಲಗ್ ತೊಳೆದರೆ ಅಥವಾ ಬದಲಿಸಿದರೆ ಸಾಮಾನ್ಯವಾಗಿ ಮುಗಿಯುತ್ತದೆ. ಡೀಸೆಲ್ ಗಾಡಿಗೆ ಪೆಟ್ರೋಲ್ ಬಿದ್ದರೆ ಮಾತ್ರ ಗಂಭೀರ. ಡೀಸೆಲ್ ತಾನೇ ತನ್ನ ಪಂಪ್‌ಗೆ ಆಯಿಲ್‌ನಂತೆ ಜಾರಿಕೆ ಕೊಡುತ್ತದೆ, ಪೆಟ್ರೋಲ್ ಆ ಜಾರಿಕೆಯನ್ನು ತೊಳೆದುಬಿಡುತ್ತದೆ. ಪಂಪ್ ಸವೆದು ಎದ್ದ ಲೋಹದ ಪುಡಿ ಇಂಜೆಕ್ಟರ್‌ಗಳವರೆಗೂ ಹೋಗುತ್ತದೆ, ಆಮೇಲೆ ಇಡೀ ವ್ಯವಸ್ಥೆಯನ್ನೇ ಬದಲಿಸಬೇಕಾಗಬಹುದು. ತಪ್ಪು ಗೊತ್ತಾದ ಕೂಡಲೇ ಸ್ಟಾರ್ಟ್ ಮಾಡಬೇಡಿ, ಕೀಯನ್ನು ಆನ್ ಕೂಡ ಮಾಡಬೇಡಿ. ಹಲವು ಗಾಡಿಗಳಲ್ಲಿ ಕೀ ಆನ್ ಆದೊಡನೆ ಟ್ಯಾಂಕ್‌ನ ಎಲೆಕ್ಟ್ರಿಕ್ ಪಂಪ್ ಓಡಿ ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ನ್ಯೂಟ್ರಲ್‌ನಲ್ಲಿ ತಳ್ಳಿಕೊಂಡು ಬಂಕ್‌ನ ಬದಿಗೆ ನಿಲ್ಲಿಸಿ, ಟ್ಯಾಂಕ್ ಖಾಲಿ ಮಾಡಿಸಿ, ಫಿಲ್ಟರ್ ಬದಲಿಸಿ ಡೀಸೆಲ್ ತುಂಬಿಸಿದ ಮೇಲಷ್ಟೇ ಕೀ ತಿರುಗಿಸಿ.